ಒಂದು ಗಂಟೆಯ ವೆಬಿನಾರ್, ಒಂದು ವಾರದ ಮಾತು

2024ರ ಆರಂಭದಲ್ಲಿ ಸಣ್ಣ ಕಾರ್ಖಾನೆಗಳಿಂದ ಮಾಲು ಕೊಳ್ಳುವವರನ್ನು ಒಂದು ಪ್ರಶ್ನೆ ಕಾಡುತ್ತಿತ್ತು: ಬಿಲ್ಲಿನ ಹಣವನ್ನು ಎಷ್ಟು ದಿನದೊಳಗೆ ಕೊಡಬೇಕು? ಆದಾಯ ತೆರಿಗೆ ಕಾಯ್ದೆಗೆ ಹೊಸದಾಗಿ ಸೇರಿದ್ದ 43ಬಿ(ಎಚ್) ಪ್ರಕಾರ, ಗಡುವು ಮೀರಿದ ಬಾಕಿಯನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದಿತ್ತು. ಆಗ ಒಂದು ತೆರಿಗೆ ಸಲಹಾ ಸಂಸ್ಥೆ ಈ ಬಗ್ಗೆ ವೆಬಿನಾರ್ ನಡೆಸಿತೆಂದು ಇಟ್ಟುಕೊಳ್ಳೋಣ. 40 ನಿಮಿಷ ಉಪನ್ಯಾಸ, 20 ನಿಮಿಷ ಪ್ರಶ್ನೋತ್ತರ.

ಈ ರೆಕಾರ್ಡಿಂಗನ್ನು ಕೊನೆಯಿಂದ ನೋಡಲು ಶುರುಮಾಡುವುದು ಒಳ್ಳೆಯದು. ಉಪನ್ಯಾಸ ಕಾಯ್ದೆಯ ಕ್ರಮದಲ್ಲಿ ಸಾಗುತ್ತದೆ. ಪ್ರಶ್ನೋತ್ತರದಲ್ಲಿ ಮಾತ್ರ ಗ್ರಾಹಕರ ಕಷ್ಟ ಅವರದೇ ಮಾತಿನಲ್ಲಿ ಹೊರಬರುತ್ತದೆ. ಆ 20 ನಿಮಿಷವನ್ನು ಬರಹಕ್ಕಿಳಿಸಿ, ಪ್ರತಿ ಪ್ರಶ್ನೆಯ ಎದುರು ಅದು ಬಂದ ಸಮಯ ಗುರುತಿಸಿಕೊಂಡರೆ ವಾರದ ಸರಕು ಕಣ್ಣಿಗೆ ಬೀಳುತ್ತದೆ.

ಒಬ್ಬರು ಕೇಳಿದ್ದಾರೆ: "ನಮ್ಮಲ್ಲಿ ಒಪ್ಪಂದ ಅಂತ ಏನೂ ಇಲ್ಲ, 60 ದಿನಕ್ಕೆ ಕೊಡೋದು ವಾಡಿಕೆ. ನಡೆಯುತ್ತಾ?" ಉತ್ತರ ನಾಲ್ಕು ನಿಮಿಷ ಅತ್ತಿತ್ತ ಸುತ್ತಿದೆ. ತಿರುಳು ಇಷ್ಟೇ: ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ 45 ದಿನ ಮೀರುವಂತಿಲ್ಲ. ಇದು 70 ಸೆಕೆಂಡಿನ ಕ್ಲಿಪ್ ಆಗುತ್ತದೆ. ಪ್ರಶ್ನೆ ಪರದೆಯ ಮೇಲೆ ಬರಹವಾಗಿ ಬಂದರೆ ಸಾಕು; ಕೇಳಿದವರ ಧ್ವನಿ, ಹೆಸರು ಬೇಡ.

ಎಡವುವುದು ಇಲ್ಲಿಯೇ. ಕತ್ತರಿಸುವವರು ಚುರುಕಾಗಿರಲೆಂದು "45 ದಿನ" ಎಂಬ ಮಾತನ್ನಷ್ಟೇ ಉಳಿಸಿದರೆ, ವೆಬಿನಾರಿನಲ್ಲಿ ಸರಿಯಿದ್ದ ಸಲಹೆ ಕ್ಲಿಪ್ಪಿನಲ್ಲಿ ತಪ್ಪಾಗುತ್ತದೆ. "ಒಪ್ಪಂದ ಇಲ್ಲದಿದ್ದರೂ 45 ದಿನವೇ?" ಎಂದು ನೋಡಿದವರು ಮತ್ತೆ ಮತ್ತೆ ಕೇಳತೊಡಗಿದರೆ ಷರತ್ತು ಕತ್ತರಿಗೆ ಸಿಕ್ಕಿದೆ ಎಂದೇ ಅರ್ಥ. ಆದ್ದರಿಂದ ಮಾತನಾಡಿದ ಸಲಹೆಗಾರರೇ ಪ್ರತಿ ಕ್ಲಿಪ್ಪನ್ನೂ ನೋಡಿ ಒಪ್ಪಬೇಕು. ಅದರಲ್ಲಿ ಹಿಡಿಸದ ವಿವರ, ಉದಾಹರಣೆಗೆ ಸಗಟು, ಚಿಲ್ಲರೆ ವ್ಯಾಪಾರಿಗಳ ಬಾಕಿಗೆ ಈ ನಿಯಮ ಅನ್ವಯಿಸದೆಂಬುದು, ಜೊತೆಯ ಬರಹದಲ್ಲಿ ಬರಲಿ.

ಸೋಮವಾರ ಆ 60 ದಿನದ ಪ್ರಶ್ನೆಯೇ ಲಿಂಕ್ಡ್‌ಇನ್ ಪೋಸ್ಟಿನ ಮೊದಲ ಸಾಲಾಗಬಹುದು. ಮಂಗಳವಾರ ಅದರ ಕ್ಲಿಪ್. ಗುರುವಾರ ಇನ್ನೊಂದು: ತಡವಾದರೂ ಮಾರ್ಚ್ 31ರೊಳಗೆ ಹಣ ಕೊಟ್ಟರೆ ಖರ್ಚು ಆ ವರ್ಷಕ್ಕೇ ಸಿಗುತ್ತದೆ ಎಂಬ ಉತ್ತರ. ಶುಕ್ರವಾರ, ಸಮಯ ಸಾಲದೆ ಉಳಿದುಹೋದ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ.

ಬುಧವಾರದ ಇಮೇಲ್ ಮಾತ್ರ ಎರಡು ಬಗೆ. ಬಂದು ಕೇಳಿದವರಿಗೆ ಇಡೀ ರೆಕಾರ್ಡಿಂಗ್ ಬೇಕಿಲ್ಲ. ಬಾಕಿ ಬಿಲ್ಲುಗಳನ್ನು ಪರಿಶೀಲಿಸಲು ಒಂದು ಪುಟದ ಪಟ್ಟಿ ಸಾಕು. ಹೆಸರು ನೋಂದಾಯಿಸಿ ಬರದವರಿಗೆ ರೆಕಾರ್ಡಿಂಗಿನ ಕೊಂಡಿಯ ಜೊತೆ, ಯಾವ ಪ್ರಶ್ನೆ ಎಷ್ಟನೇ ನಿಮಿಷದಲ್ಲಿದೆ ಎಂಬುದನ್ನೂ ಕೊಡಬೇಕು. ಯಾರು ಬಂದರು, ಯಾರು ಬರಲಿಲ್ಲ ಎಂಬುದು ಜೂಮ್‌ನ ಹಾಜರಿ ವರದಿಯಲ್ಲೇ ಇರುತ್ತದೆ.

ಇದೆಲ್ಲ ಕೈಗೂಡಲು ವೆಬಿನಾರ್ ಶುರುವಾಗುವ ಮುಂಚೆಯೇ ಒಂದು ಕೆಲಸ ಆಗಿರಬೇಕು. ಸ್ಲೈಡ್ ತೋರಿಸುವಾಗ ಮಾತನಾಡುವವರ ಮುಖ ಮೂಲೆಯ ಪುಟ್ಟ ಚೌಕಕ್ಕೆ ಸರಿಯುತ್ತದೆ. ಅದನ್ನು ಹಿಗ್ಗಿಸಿ ಮೊಬೈಲಿನ ಉದ್ದ ಪರದೆಗೆ ಹೊಂದಿಸಿದರೆ ಚಿತ್ರ ಮಸುಕು. ಜೂಮ್‌ನ ಕ್ಲೌಡ್ ರೆಕಾರ್ಡಿಂಗಿನಲ್ಲಿ ಮಾತುಗಾರರನ್ನೂ ಸ್ಲೈಡನ್ನೂ ಬೇರೆಬೇರೆಯಾಗಿ ಉಳಿಸುವ ಆಯ್ಕೆಯಿದೆ. ಅದನ್ನು ಮೊದಲೇ ಆರಿಸದಿದ್ದರೆ ಆಮೇಲೆ ಎರಡನ್ನೂ ಬಿಡಿಸಲಾಗದು.