ಹದಿನೆಂಟರಲ್ಲಿ ಒಂದು ಗೆದ್ದೇ ಗೆಲ್ಲುತ್ತದೆ

ಮೋಟೆಬೆನ್ನೂರಿನ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಈಗ ಮೆಣಸಿನಕಾಯಿ ದರದ ಜೊತೆ ನಿಫ್ಟಿಯ ಮಾತೂ ನಡೆಯುತ್ತದೆ. ನಡೆಯಲಿ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಾಳ್ಮೆ ಕೆಡಿಸುವುದು ಒಂದೇ ಮಾತು: "ಅಣ್ಣಾರ, ಹತ್ತು ವರ್ಷದ್ದು ಬ್ಯಾಕ್‌ಟೆಸ್ಟ್ ಮಾಡೇನ್ರಿ, ಹತ್ತರಾಗ ಎಂಟು ವರ್ಷ ಲಾಭ ಐತಿ. ಇನ್ನ ಏನ್ ಬೇಕ್ರಿ?"

ಬೇಕಾದ್ದು ಒಂದು ಸಂಖ್ಯೆ. ಈ ನಿಯಮ ಸಿಗುವ ಮೊದಲು ಎಷ್ಟು ನಿಯಮಗಳನ್ನು ಹಾಕಿ ನೋಡಿ ಬಿಟ್ಟೆ ಎಂಬುದು. ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ, ಕೇಳಿದರೆ ನನ್ನ ಮುಖ ನೋಡುತ್ತಾರೆ.

ಬ್ಯಾಡಗಿ ಪೇಟೆಯದೇ ಒಂದು ನಿಯಮ ತೆಗೆದುಕೊಳ್ಳೋಣ. ಸುಗ್ಗಿಯಲ್ಲಿ ಮೆಣಸಿನಕಾಯಿ ಕೊಂಡು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು, ಆವಕ ನಿಂತ ಮೇಲೆ ಮಾರುವುದು. ಯಾವ ತಿಂಗಳು ಕೊಳ್ಳಬೇಕು, ಯಾವ ತಿಂಗಳು ಮಾರಬೇಕು? ಹುಡುಗ ಹತ್ತು ವರ್ಷದ ದರ ಹಾಕಿಕೊಂಡು ಕೂರುತ್ತಾನೆ. ಕೊಳ್ಳಲು ಫೆಬ್ರುವರಿ, ಮಾರ್ಚ್, ಏಪ್ರಿಲ್. ಮಾರಲು ಜುಲೈಯಿಂದ ಡಿಸೆಂಬರ್‌ವರೆಗೆ ಆರು ತಿಂಗಳು. ಮೂರಾರಲೆ ಹದಿನೆಂಟು. ಅದರಲ್ಲಿ "ಮಾರ್ಚ್‌ನಲ್ಲಿ ಕೊಂಡು ಸೆಪ್ಟೆಂಬರ್‌ನಲ್ಲಿ ಮಾರು" ಎಂಬುದು ಹತ್ತರಲ್ಲಿ ಎಂಟು ಸಲ ಗೆದ್ದಿದೆ ಅಂದುಕೊಳ್ಳಿ. ಉಳಿದ ಹದಿನೇಳು ಮರೆತುಹೋಗುತ್ತವೆ, ಇದೊಂದು ವಾಟ್ಸ್ಯಾಪ್‌ನಲ್ಲಿ ಓಡಾಡುತ್ತದೆ.

ಈಗ ಈ ಹದಿನೆಂಟರಲ್ಲಿ ಒಂದಕ್ಕೂ ಯಾವ ಸತ್ವವೂ ಇಲ್ಲ, ಪ್ರತಿ ವರ್ಷದ ಲಾಭ-ನಷ್ಟ ನಾಣ್ಯ ಚಿಮ್ಮಿದಂತೆ ಎಂದೇ ಇಟ್ಟುಕೊಳ್ಳಿ. ಅಂಥ ನಿರುಪಯೋಗಿ ನಿಯಮವೊಂದು ಹತ್ತರಲ್ಲಿ ಎಂಟು ಅಥವಾ ಹೆಚ್ಚು ಸಲ ಗೆಲ್ಲುವ ಸಾಧ್ಯತೆ 1,024ರಲ್ಲಿ 56, ಅಂದರೆ ನೂರಕ್ಕೆ ಐದೂವರೆ. ಅಪರೂಪವೇ. ಮೊದಲೇ ಒಂದು ನಿಯಮ ಹೇಳಿ ಅದನ್ನಷ್ಟೇ ಪರೀಕ್ಷಿಸಿದ್ದರೆ ನಾನೂ ಕಿವಿಗೊಡುತ್ತಿದ್ದೆ. ಆದರೆ ಇವನು ಹದಿನೆಂಟನ್ನು ನೋಡಿ ಚೆನ್ನಾಗಿರುವುದನ್ನು ಆರಿಸಿಕೊಂಡಿದ್ದಾನೆ. ಹದಿನೆಂಟೂ ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ, ಅವುಗಳಲ್ಲಿ ಒಂದಾದರೂ ಎಂಟು ಸಲ ಗೆದ್ದು ನಿಲ್ಲುವ ಸಾಧ್ಯತೆ ನೂರಕ್ಕೆ 64ರ ಹತ್ತಿರ. ನಿಜದಲ್ಲಿ ಅವು ದಾಯಾದಿಗಳು. ಸೆಪ್ಟೆಂಬರ್‌ನಲ್ಲಿ ದರ ಬಿದ್ದರೆ ಅಕ್ಟೋಬರ್‌ಗೂ ಪೆಟ್ಟು ಬೀಳುತ್ತದೆ. ಹಾಗಾಗಿ 64 ಸಾಕಷ್ಟು ಇಳಿಯಬಹುದು, ಆದರೆ ಐದೂವರೆಗೆ ವಾಪಸು ಬರುವುದಿಲ್ಲ. ಒಟ್ಟಿನಲ್ಲಿ ಆ 'ಹತ್ತಕ್ಕೆ ಎಂಟು' ಹೇಳುವುದು ಮೆಣಸಿನಕಾಯಿ ದರದ ಬಗ್ಗೆ ಅಲ್ಲ, ಹುಡುಕಿದವನ ಹಟದ ಬಗ್ಗೆ. ಬಾಡಿಗೆ, ಬಡ್ಡಿ, ಒಣಗಿ ಕಳೆಯುವ ತೂಕ ಇವನ್ನೆಲ್ಲ ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. 2024ರ ಮಾರ್ಚ್ 11ರಂದು ದರ ಕುಸಿತಕ್ಕೆ ಕೆರಳಿದ ರೈತರು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಇಟ್ಟರಲ್ಲ, ಅಂಥ ವರ್ಷ ಹತ್ತು ವರ್ಷದ ಪಟ್ಟಿಯಲ್ಲಿ ಬಂದರೆ ಒಂದು ಸಾಲು, ಬಾರದಿದ್ದರೆ ಅದೂ ಇಲ್ಲ.

ಹದಿನೆಂಟಕ್ಕೇ ಈ ಗತಿ. ಲ್ಯಾಪ್‌ಟಾಪ್ ಹದಿನೆಂಟಕ್ಕೆ ನಿಲ್ಲುವುದಿಲ್ಲ. ನಿಫ್ಟಿ ಫ್ಯೂಚರ್ಸ್‌ನ 15 ನಿಮಿಷದ ಚಾರ್ಟ್‌ನಲ್ಲಿ ಎರಡು ಮೂವಿಂಗ್ ಆವರೇಜ್ ಒಂದನ್ನೊಂದು ದಾಟಿದಾಗ ಕೊಳ್ಳುವ, ಮಾರುವ ನಿಯಮ ಎಲ್ಲರಿಗೂ ಗೊತ್ತು. ಚಿಕ್ಕ ಆವರೇಜ್ 5ರಿಂದ 24 ಕ್ಯಾಂಡಲ್‌ವರೆಗೆ ಇಪ್ಪತ್ತು ಬಗೆ. ದೊಡ್ಡದು 30ರಿಂದ 125ರವರೆಗೆ, ಐದೈದರ ಅಂತರದಲ್ಲಿ, ಇನ್ನಿಪ್ಪತ್ತು. ಸ್ಟಾಪ್‌ಲಾಸ್ ಐದು ಬಗೆ. ಅಲ್ಲಿಗೇ 2,000 ನಿಯಮ. ಆಮೇಲೆ "ಸೋಮವಾರ ನಷ್ಟ ಜಾಸ್ತಿ ಕಾಣ್ತತಿ, ಬಿಟ್ಟುಬಿಡೋಣ" ಎಂಬ ಯೋಚನೆ ಬರುತ್ತದೆ. ಯಾವುದಾದರೂ ಒಂದು ವಾರ ಬಿಡುವುದು ಅಥವಾ ಯಾವುದನ್ನೂ ಬಿಡದಿರುವುದು ಎಂದರೆ ಆರು ಪಟ್ಟು, 12,000. ಬಟನ್ ಒತ್ತಿ ಚಹಾ ಕುಡಿದು ಬರುವಷ್ಟರಲ್ಲಿ ಕಂಪ್ಯೂಟರ್ ಇಷ್ಟರಲ್ಲಿ ಮೊದಲ ಸ್ಥಾನ ಬಂದದ್ದನ್ನು ತೋರಿಸುತ್ತದೆ: 13 ಮತ್ತು 45, ಒಂದೂಕಾಲು ಪರ್ಸೆಂಟ್ ಸ್ಟಾಪ್‌ಲಾಸ್, ಸೋಮವಾರ ರಜೆ. ಗೆರೆ ಎಡದಿಂದ ಬಲಕ್ಕೆ ಏಣಿ ಹತ್ತಿದಂತೆ ಏರುತ್ತದೆ. ಇದಕ್ಕೆ ಕರ್ವ್ ಫಿಟ್ಟಿಂಗ್ ಎನ್ನುತ್ತಾರೆ. ನಿಯಮ ಕಲಿತದ್ದು ಮಾರುಕಟ್ಟೆಯ ಗುಣವನ್ನಲ್ಲ, ಆ ಹತ್ತು ವರ್ಷಗಳಲ್ಲಿ ಆಕಸ್ಮಿಕವಾಗಿ ಬಂದುಹೋದ ಏರಿಳಿತಗಳನ್ನು.

ಗಣಿತಜ್ಞರು ಇದಕ್ಕೊಂದು ಮಿತಿಯನ್ನೂ ಹಾಕಿಕೊಟ್ಟಿದ್ದಾರೆ. ಬೇಲಿ, ಬೋರ್ವೈನ್, ಲೋಪೆಜ್ ದಿ ಪ್ರಾದೊ ಮತ್ತು ಝು 2014ರಲ್ಲಿ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ತೋರಿಸಿದ ಲೆಕ್ಕ ಇದು: ಕೈಯಲ್ಲಿ ಐದು ವರ್ಷದ ಡೇಟಾ ಇದ್ದರೆ, ಪರಸ್ಪರ ಸಂಬಂಧವಿಲ್ಲದ 45 ಬಗೆಗಿಂತ ಹೆಚ್ಚು ಪರೀಕ್ಷಿಸಿದರೆ ಸಾಕು, ಏನೂ ಸತ್ವವಿಲ್ಲದವುಗಳಲ್ಲೇ ಒಂದು ವಾರ್ಷಿಕ ಶಾರ್ಪ್ ಅನುಪಾತ 1 ತೋರಿಸುವುದು ಸಹಜ. 1 ಎಂದರೆ ಫಂಡ್ ಮ್ಯಾನೇಜರ್‌ಗಳು ಎದೆಯುಬ್ಬಿಸುವ ಅಂಕಿ. ನಮ್ಮ ಹುಡುಗರು 12,000 ನೋಡಿರುತ್ತಾರೆ.

ಒಂದು ಸುಲಭದ ಗುರುತು ಹೇಳುತ್ತೇನೆ. 13-45ರ ಬದಲು 12-45, 14-45, 13-40, 13-50 ಹಾಕಿ ನೋಡಿ. ನಿಯಮದಲ್ಲಿ ನಿಜವಾದ ಏನೋ ಇದ್ದರೆ ನೆರೆಯವರೂ ಹೆಚ್ಚು ಕಡಿಮೆ ಅಷ್ಟೇ ಗಳಿಸುತ್ತಾರೆ. 13ರಲ್ಲಿ ಬಂಗಾರ, 12 ಮತ್ತು 14ರಲ್ಲಿ ನಷ್ಟ ಎಂದಾದರೆ ಅಲ್ಲಿಗೇ ಲ್ಯಾಪ್‌ಟಾಪ್ ಮುಚ್ಚಬಹುದು. ಮಾರುಕಟ್ಟೆಗೆ 13 ಎಂಬ ಅಂಕಿಯ ಮೇಲೆ ವಿಶೇಷ ಪ್ರೀತಿ ಇರಲು ಯಾವ ಕಾರಣವೂ ಇಲ್ಲ.

ವಾಕ್ ಫಾರ್ವರ್ಡ್ ಪರೀಕ್ಷೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ರಾಬರ್ಟ್ ಪಾರ್ಡೊ 1992ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಯೋಚನೆ ಸರಳ: ನಿಯಮವನ್ನು ಆರಿಸಿದ ಕಾಲದಲ್ಲಿ ಅದರ ಲಾಭ ಎಣಿಸಬೇಡ, ಅದು ಕಂಡೇ ಇರದ ಕಾಲದಲ್ಲಿ ಎಣಿಸು. 2015ರಿಂದ 2024ರವರೆಗಿನ ಡೇಟಾ ಇದೆ ಅನ್ನಿ. ಮೊದಲು 2015, 16, 17 ಇಷ್ಟನ್ನೇ ಕಂಪ್ಯೂಟರ್‌ಗೆ ಕೊಟ್ಟು 2,000ದಲ್ಲಿ ಒಂದನ್ನು ಆರಿಸಿ. ಆರಿಸಿದ್ದನ್ನು ಕೈ ಹಚ್ಚದೆ 2018ರಲ್ಲಿ ಓಡಿಸಿ, ಬಂದ ಲಾಭ-ನಷ್ಟ ಬರೆದಿಡಿ. ಆಮೇಲೆ ಕಿಟಕಿಯನ್ನು ಒಂದು ವರ್ಷ ಮುಂದೆ ಸರಿಸಿ: 2016ರಿಂದ 18ರಲ್ಲಿ ಹೊಸದಾಗಿ ಆರಿಸಿ, 2019ರಲ್ಲಿ ಓಡಿಸಿ. ಹೀಗೆ ಕೊನೆಗೆ 2021ರಿಂದ 23ರಲ್ಲಿ ಆರಿಸಿದ್ದು 2024ರಲ್ಲಿ ಓಡುತ್ತದೆ. 2018ರಿಂದ 2024ರವರೆಗಿನ ಏಳು ಪರೀಕ್ಷಾ ವರ್ಷಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಸಿಗುವ ಗೆರೆಯೇ ನೋಡತಕ್ಕದ್ದು. 2020ರ ಮಾರ್ಚ್ ಕುಸಿತವನ್ನು ಇಲ್ಲಿ ಎದುರಿಸುವ ನಿಯಮ 2017ರಿಂದ 19ರ ಡೇಟಾದಲ್ಲಿ ಆರಿಸಿದ್ದು. ಕೊರೊನಾ ಬರುತ್ತದೆಂದು ಅದಕ್ಕೆ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಫಲಿತಾಂಶ ಓದುವುದು ಹೀಗೆ. ಆರಿಸಿದ ಕಿಟಕಿಗಳಲ್ಲಿ ವರ್ಷಕ್ಕೆ ಸರಾಸರಿ 30 ಪರ್ಸೆಂಟ್, ಪರೀಕ್ಷಾ ವರ್ಷಗಳಲ್ಲಿ 6 ಪರ್ಸೆಂಟ್ ಬಂತು ಅಂದುಕೊಳ್ಳಿ. 6ನ್ನು 30ರಿಂದ ಭಾಗಿಸಿದರೆ 0.2. ಪಾರ್ಡೊ ಅವರ ಅಂದಾಜಿನಲ್ಲಿ ಇದು ಅರ್ಧಕ್ಕಿಂತ ಮೇಲಿರಬೇಕು. 0.2 ಎಂದರೆ ಮೊದಲು ಕಂಡ ಲಾಭದ ಐದರಲ್ಲಿ ನಾಲ್ಕು ಪಾಲು ಬರೀ ಹೊಂದಿಸಿಕೊಂಡದ್ದು. ಆರಿಸಿಬಂದ ಅಂಕಿಗಳನ್ನೂ ಗಮನಿಸಿ. ಒಂದು ವರ್ಷ 13-45, ಮರುವರ್ಷ 8-110, ಅದರ ಮರುವರ್ಷ 22-35 ಎಂದು ಕಪ್ಪೆಯಂತೆ ನೆಗೆಯುತ್ತಿದ್ದರೆ ಹಿಡಿಯಲು ಅಲ್ಲಿ ಏನೂ ಇಲ್ಲ. 10-50, 11-55, 10-60 ಎಂದು ಆಸುಪಾಸಿನಲ್ಲೇ ಸುಳಿದಾಡಿದರೆ ಮಾತ್ರ ಮುಂದಿನ ಮಾತು.

ಆ ಮುಂದಿನ ಮಾತು ಖರ್ಚಿನದು. ಫ್ಯೂಚರ್ಸ್ ಮಾರುವಾಗಿನ ಎಸ್‌ಟಿಟಿ 2024ರ ಅಕ್ಟೋಬರ್ 1ರಿಂದ 0.0125 ಪರ್ಸೆಂಟ್‌ನಿಂದ 0.02ಕ್ಕೆ ಏರಿತು. ಆ ದರದಲ್ಲಿ ನಿಫ್ಟಿ 24,000 ಇದ್ದರೆ ಅದೊಂದೇ 4.8 ಅಂಕ. ಬ್ರೋಕರೇಜ್, ಜಿಎಸ್‌ಟಿ, ಕಂಡ ದರಕ್ಕೂ ಸಿಕ್ಕ ದರಕ್ಕೂ ಇರುವ ವ್ಯತ್ಯಾಸ ಬೇರೆ. ಟ್ರೇಡ್ ಒಂದಕ್ಕೆ ಸರಾಸರಿ ಎಂಟು ಅಂಕ ಗಳಿಸುವ ನಿಯಮ ಕಾಗದದ ಮೇಲೆ ಶ್ರೀಮಂತ, ಖಾತೆಯಲ್ಲಿ ಬಡವ.

ವಾಕ್ ಫಾರ್ವರ್ಡ್ ಕಲಿತ ಮೇಲೂ ಜನ ಹಳೆಯ ಚಾಳಿ ಬಿಡುವುದಿಲ್ಲ, ಅದು ನನಗೆ ಇನ್ನೂ ಸೋಜಿಗ. ಮೂರು ವರ್ಷ-ಒಂದು ವರ್ಷದ ಕಿಟಕಿಯಲ್ಲಿ ಗೆರೆ ಚೆನ್ನಾಗಿ ಬರಲಿಲ್ಲವೇ? ಎರಡು ವರ್ಷ-ಆರು ತಿಂಗಳು ಹಾಕು. ಅದೂ ಬರಲಿಲ್ಲವೇ? ನಾಲ್ಕು ವರ್ಷ-ಮೂರು ತಿಂಗಳು. ಗೆರೆ ನೆಟ್ಟಗಾಗುವವರೆಗೆ ಕಿಟಕಿ ಬದಲಿಸುತ್ತ ಹೋದರೆ ಆ ಏಳು ವರ್ಷಗಳೂ ಆರಿಸುವ ಡೇಟಾವೇ ಆಗಿಹೋಗುತ್ತವೆ. ಕಿಟಕಿಯ ಅಳತೆ, ಆರಿಸುವ ಮಾನದಂಡ, ಎಷ್ಟು ಬಂದರೆ ಒಪ್ಪುವುದು, ಎಷ್ಟಕ್ಕೆ ಬಿಡುವುದು ಇಷ್ಟನ್ನೂ ಬಟನ್ ಒತ್ತುವ ಮೊದಲೇ ನೋಟ್‌ಬುಕ್‌ನಲ್ಲಿ ಬರೆದು ತಾರೀಕು ಹಾಕಬೇಕು. ಕೊನೆಯ ಒಂದು ವರ್ಷವನ್ನು ಪೂರ್ತಿ ಬೀಗ ಹಾಕಿಟ್ಟು, ಎಲ್ಲ ಮುಗಿದ ಮೇಲೆ ಒಂದೇ ಒಂದು ಸಲ ತೆಗೆಯಬೇಕು. ಅಲ್ಲಿ ಸೋತರೆ ಸೋತಂತೆಯೇ. ಸೋಮವಾರ ಬಿಟ್ಟು ಇನ್ನೊಮ್ಮೆ ನೋಡುವಂತಿಲ್ಲ.

ಅಷ್ಟೆಲ್ಲ ಮಾಡಿದರೂ ವಾಕ್ ಫಾರ್ವರ್ಡ್ ತಪ್ಪು ಆಯ್ಕೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ನಾಳೆಯ ಭರವಸೆ ಕೊಡುವುದಿಲ್ಲ. ಬ್ಯಾಂಕ್ ನಿಫ್ಟಿಯ ವಾರದ ಆಪ್ಷನ್‌ಗಳ ಎಕ್ಸ್‌ಪೈರಿ 2023ರ ಸೆಪ್ಟೆಂಬರ್‌ನಲ್ಲಿ ಗುರುವಾರದಿಂದ ಬುಧವಾರಕ್ಕೆ ಬಂತು. ಬುಧವಾರದ ತಂತ್ರಗಳು ಆಗ ಅಣಬೆಯಂತೆ ಎದ್ದವು. ಒಂದು ಎಕ್ಸ್‌ಚೇಂಜಿಗೆ ಒಂದೇ ವಾರದ ಎಕ್ಸ್‌ಪೈರಿ ಎಂದು ಸೆಬಿ ನಿಯಮ ತಂದಿತು, 2024ರ ನವೆಂಬರ್ 13ರ ನಂತರ ಆ ಆಪ್ಷನ್‌ಗಳೇ ನಿಂತುಹೋದವು. ಯಾವ ಕಿಟಕಿಯಿಂದ ಇಣುಕಿದ್ದರೂ ಇದು ಕಾಣುತ್ತಿರಲಿಲ್ಲ.

ಇನ್ನುಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ಗೆಲುವಿನ ಪ್ರಮಾಣ ಹೆಚ್ಚಿದ್ದರೆ ತಂತ್ರ ಒಳ್ಳೆಯದು ಎನ್ನುವವರು, ಒಂಬತ್ತು ಸಲ ನೂರು ರೂಪಾಯಿ ಗೆದ್ದು ಹತ್ತನೆಯ ಸಲ ಸಾವಿರ ಕಳೆದರೆ ಉಳಿದದ್ದೆಷ್ಟು ಎಂದು ಕೂಡಿಸಿ ನೋಡಲಿ. ಇಂದಿನ ನಿಫ್ಟಿಯ ಐವತ್ತು ಷೇರುಗಳನ್ನು 2015ರಿಂದ ಪರೀಕ್ಷಿಸುವವರು, ಆಗ ಪಟ್ಟಿಯಲ್ಲಿದ್ದು 2020ರ ಮಾರ್ಚ್‌ನಲ್ಲಿ ಹೊರಬಿದ್ದ ಯೆಸ್ ಬ್ಯಾಂಕ್ ಅವರ ಲೆಕ್ಕದಲ್ಲಿ ಏಕಿಲ್ಲ ಎಂದು ಯೋಚಿಸಲಿ. ದುಬಾರಿ ಸಾಫ್ಟ್‌ವೇರ್ ಓವರ್‌ಫಿಟ್ ಮಾಡುವುದಿಲ್ಲ ಎಂಬುದಕ್ಕೆ ಉತ್ತರವೇ ಬೇಡ. ಅದು ಇನ್ನೂ ಬೇಗ ಮಾಡುತ್ತದೆ.

ಬ್ಯಾಡಗಿ ಯಾರ್ಡಿನಲ್ಲಿ ಟೆಂಡರ್ ಬರೆಯುವ ಖರೀದಿದಾರ ಚೀಲದ ಬಾಯಲ್ಲಿರುವ ಕೆಂಪು ಕಾಯಿ ನೋಡಿ ದರ ಹಾಕುವುದಿಲ್ಲ, ಒಳಗೆ ಕೈ ಹಾಕಿ ತಳದ್ದನ್ನು ಹಿಸುಕುತ್ತಾನೆ. ಅದೇ ಮನೆಯ ಮಗ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಂದವನೊಬ್ಬ ಪರದೆಯ ಮೇಲೆ ಏರುಗೆರೆ ತೋರಿಸಿದೊಡನೆ ಕೋರ್ಸಿಗೆ ಹಣ ಕಟ್ಟಿಬಿಡುತ್ತಾನೆ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್‌ಅಂಡ್‌ಓ ಆಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ 93 ಪರ್ಸೆಂಟ್ ಮಂದಿ ನಷ್ಟದಲ್ಲಿದ್ದರು, ಖರ್ಚು ಸೇರಿ ತಲೆಗೆ ಸರಾಸರಿ ಎರಡು ಲಕ್ಷ ರೂಪಾಯಿ. ಇವರಲ್ಲಿ ಬ್ಯಾಕ್‌ಟೆಸ್ಟ್ ನೋಡಿ ಇಳಿದವರು ಕಡಿಮೆ ಇರಲಾರರು ಎಂಬುದು ನನ್ನ ಗುಮಾನಿ.

ಕೋರ್ಸ್ ಮಾರುವವನನ್ನು ಎರಡೇ ಕೇಳಿ: ಈ ಗೆರೆಗೆ ಮೊದಲು ಎಷ್ಟು ಗೆರೆ ಎಳೆದು ಅಳಿಸಿದಿರಿ, ಮತ್ತು ನಿಯಮ ಬರೆದಿಟ್ಟ ತಾರೀಕಿನ ನಂತರದ ಕಾಂಟ್ರ್ಯಾಕ್ಟ್ ನೋಟುಗಳು ಎಲ್ಲಿ? ಎರಡನೆಯದನ್ನು ಕೇಳಿದ ಮೇಲೆ ನನ್ನನ್ನು ಒಬ್ಬರು ಗ್ರೂಪಿನಿಂದ ತೆಗೆದುಹಾಕಿದರು.