ಟ್ರೀ ಟ್ರಾವರ್ಸಲ್: ಕೋಡ್‌ಗೆ ಮೊದಲು ಕೈಲೆಕ್ಕ

ಡೇಟಾ ಸ್ಟ್ರಕ್ಚರ್ಸ್ ಪ್ರಶ್ನೆಪತ್ರಿಕೆಯಲ್ಲಿ ಒಂದು ಟ್ರೀ ಕೊಟ್ಟು, ಅದರ ಇನ್‌ಆರ್ಡರ್ ಕ್ರಮವನ್ನೂ ಆ ವಿಧಾನದ ಕಾಂಪ್ಲೆಕ್ಸಿಟಿಯನ್ನೂ ಒಟ್ಟಿಗೆ ಕೇಳುವುದುಂಟು. ಐದೇ ನೋಡ್‌ಗಳ ಟ್ರೀಯೊಂದನ್ನು ಹಾಳೆಯ ಮೇಲೆ ಬಿಡಿಸಿಕೊಂಡರೆ ಎರಡಕ್ಕೂ ಉತ್ತರ ಸಿಗುತ್ತದೆ.

ಖಾಲಿ ಬೈನರಿ ಸರ್ಚ್ ಟ್ರೀಗೆ 40, 20, 60, 10, 30 ಈ ಕ್ರಮದಲ್ಲಿ ಸಂಖ್ಯೆಗಳನ್ನು ಸೇರಿಸಬೇಕು ಎಂದುಕೊಳ್ಳೋಣ. ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ. ಹಾಗಾಗಿ 40 ರೂಟ್ ಆಗುತ್ತದೆ. ಅದರ ಎಡಕ್ಕೆ 20, ಬಲಕ್ಕೆ 60. 20ರ ಕೆಳಗೆ 10 ಮತ್ತು 30. ಇನ್‌ಆರ್ಡರ್ ವಿಧಾನ ಇಷ್ಟೇ:

```
inorder(p):
    if p == NULL: return
    inorder(p.left)
    print p.key
    inorder(p.right)
```

ಹಾಳೆಯ ಪಕ್ಕದಲ್ಲಿ ಇನ್ನೂ ಮುಗಿಯದ ಕರೆಗಳ ಪಟ್ಟಿಯನ್ನು ಬರೆಯುತ್ತಾ ಹೋಗಬೇಕು. ಅದೇ ಸ್ಟ್ಯಾಕ್. ಮೊದಲು 40, ಆಮೇಲೆ 20, ಆಮೇಲೆ 10 ಸೇರುತ್ತವೆ. 10ರ ಎಡಕ್ಕೆ ಏನೂ ಇಲ್ಲದ್ದರಿಂದ 10 ಅಚ್ಚಾಗುತ್ತದೆ. ಅದರ ಬಲವೂ ಖಾಲಿ, ಆದ್ದರಿಂದ ಪಟ್ಟಿಯಿಂದ 10 ಹೋಗುತ್ತದೆ. ಈಗ 20ರ ಕರೆ ನಿಂತಿದ್ದ ಸಾಲಿನಿಂದಲೇ ಮುಂದುವರಿದು 20 ಅಚ್ಚಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: 20 ಅಚ್ಚಾಯಿತೆಂದು ಅದನ್ನು ಹೊಡೆದುಹಾಕುತ್ತಾರೆ. ಅದರ ಬಲಭಾಗ ಇನ್ನೂ ಬಾಕಿಯಿದೆ, ಆದ್ದರಿಂದ ಪಟ್ಟಿ 40, 20, 30 ಆಗಬೇಕು. 30 ಅಚ್ಚಾದ ಮೇಲೆ 30, 20 ಎರಡೂ ಹೋಗುತ್ತವೆ. ಬಳಿಕ 40, ಕೊನೆಗೆ 60. ಉತ್ತರ 10, 20, 30, 40, 60. ಬೈನರಿ ಸರ್ಚ್ ಟ್ರೀಯ ಇನ್‌ಆರ್ಡರ್ ಏರಿಕೆಯ ಕ್ರಮದಲ್ಲೇ ಇರಬೇಕು. ಇಲ್ಲದಿದ್ದರೆ ಟ್ರೀಯಲ್ಲೋ ಲೆಕ್ಕದಲ್ಲೋ ತಪ್ಪಿದೆ.

ಈಗ ಕರೆಗಳನ್ನು ಎಣಿಸಬೇಕು. ಐದು ನೋಡ್‌ಗಳಿಗೆ ಐದು, ಖಾಲಿ ಜಾಗಗಳಿಗೆ ಆರು, ಒಟ್ಟು 11. n ನೋಡ್‌ಗಳಿದ್ದರೆ ಕರೆಗಳು 2n+1. ಪ್ರತಿ ಕರೆಯಲ್ಲಿ ಆಗುವ ಸ್ವಂತ ಕೆಲಸ ಸ್ಥಿರ, ಹಾಗಾಗಿ ಸಮಯ O(n). ಟ್ರೀ ಎಂದ ಕೂಡಲೇ O(log n) ಎಂದು ಬರೆಯುವುದು ತಪ್ಪು. ಸಮತೋಲನದ ಟ್ರೀಯಲ್ಲಿ ಒಂದು ಸಂಖ್ಯೆಯನ್ನು ಹುಡುಕುವುದಕ್ಕೆ ಆ ಉತ್ತರ ಸಲ್ಲುತ್ತದೆ, ಎಲ್ಲ ನೋಡ್‌ಗಳನ್ನು ಮುಟ್ಟುವುದಕ್ಕಲ್ಲ.

ಅವೇ ಸಂಖ್ಯೆಗಳನ್ನು 10, 20, 30, 40, 60 ಎಂದು ಏರಿಕೆಯಲ್ಲಿ ಸೇರಿಸಿದರೆ ಟ್ರೀ ಬಲಕ್ಕೆ ಇಳಿಯುವ ಒಂದೇ ಸರಪಳಿಯಾಗುತ್ತದೆ. ಇನ್‌ಆರ್ಡರ್ ಅದೇ, ಕರೆಗಳೂ 11. ಆದರೆ ಸ್ಟ್ಯಾಕ್‌ನಲ್ಲಿ ಒಮ್ಮೆಗೆ ನಿಲ್ಲುವ ನೋಡ್‌ಗಳು ಮೊದಲು ಮೂರಿದ್ದವು, ಈಗ ಐದು. ಅಂದರೆ ಸಮಯ ನೋಡ್‌ಗಳ ಸಂಖ್ಯೆಯನ್ನು ಅವಲಂಬಿಸಿದರೆ, ಬೇಕಾಗುವ ಜಾಗ ಟ್ರೀಯ ಎತ್ತರವನ್ನು, ಅಂದರೆ h ಅನ್ನು, ಅವಲಂಬಿಸುತ್ತದೆ: O(h). ಸರಪಳಿಯಲ್ಲಿ ಅದು O(n) ತನಕ ಬೆಳೆಯುತ್ತದೆ.

ಟ್ರೀ ಕಟ್ಟುವ ಖರ್ಚೂ ಬದಲಾಗುತ್ತದೆ. ಮೊದಲ ಕ್ರಮದಲ್ಲಿ ಹೋಲಿಕೆಗಳು 0+1+1+2+2, ಒಟ್ಟು 6. ಎರಡನೆಯದರಲ್ಲಿ 0+1+2+3+4, ಒಟ್ಟು 10. ಎರಡನೆಯ ಮೊತ್ತ n(n-1)/2 ಎಂಬ ಸೂತ್ರಕ್ಕೆ ಹೊಂದುತ್ತದೆ, ಹಾಗಾಗಿ O(n²). ಉತ್ತರ ಬರೆಯುವಾಗ ಸಮಯ, ಜಾಗ ಎರಡನ್ನೂ ಬೇರೆಬೇರೆಯಾಗಿ ಹೇಳಿ, ಟ್ರೀಯ ಆಕಾರ ಯಾವುದೆಂದು ನಮೂದಿಸಿದರೆ ಮಾತ್ರ ಅದು ಪೂರ್ಣ.