ಪ್ರಯೋಗದ ಲೆಕ್ಕ ತಾಳೆಯಾಗುವುದೇ?

ದೊಡ್ಡ ಆಸ್ಪತ್ರೆಗಳಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವ ತರುಣ ವೈದ್ಯರು ಆಗಾಗ್ಗೆ ಒಂದೆಡೆ ಸೇರಿ, ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನಾ ಪ್ರಬಂಧವೊಂದನ್ನು ಒರೆಗೆ ಹಚ್ಚುವ ಪದ್ಧತಿಯುಂಟು. ಇದಕ್ಕೆ ಜರ್ನಲ್ ಕ್ಲಬ್ ಎಂದು ಹೆಸರು. ಒಬ್ಬರು ಪ್ರಬಂಧವನ್ನು ಮಂಡಿಸುತ್ತಾರೆ, ಉಳಿದವರು ಪ್ರಶ್ನಿಸುತ್ತಾರೆ. ಪ್ರಬಂಧವನ್ನು ಓದಿ ಒಪ್ಪಿಸುವುದಷ್ಟೇ ಇದರ ಉದ್ದೇಶವಲ್ಲ. ಅದರ ತೀರ್ಮಾನವನ್ನು ನಂಬಿ ರೋಗಿಗೆ ಔಷಧ ಕೊಡಬಹುದೇ, ಯಾವ ರೋಗಿಗೆ ಕೊಡಬಾರದು ಎಂಬುದನ್ನು ನಿರ್ಣಯಿಸಬೇಕು.

ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚಿ, ಒಂದಕ್ಕೆ ಮಾತ್ರ ಹೊಸ ಔಷಧ ಕೊಟ್ಟು ಹೋಲಿಸುವುದೇ ಯಾದೃಚ್ಛಿಕ ಪ್ರಯೋಗ. ಅದರ ವರದಿಯಲ್ಲಿ ಏನೇನು ಇರಲೇಬೇಕು ಎಂಬುದರ ತಪಶೀಲು ಪಟ್ಟಿಗೆ ಕನ್ಸಾರ್ಟ್ ಎನ್ನುತ್ತಾರೆ. 1996ರಲ್ಲಿ ಮೊದಲು ಪ್ರಕಟವಾದ ಈ ಪಟ್ಟಿ 2010ರ ಆವೃತ್ತಿಯಲ್ಲಿ 25 ಅಂಶಗಳನ್ನು ಹೊಂದಿದ್ದಿತು. 2025ರ ಆವೃತ್ತಿಯಲ್ಲಿ 30 ಅಂಶಗಳಿವೆ.

ಉದಾಹರಣೆಗೆ, 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ‘ರಿಕವರಿ’ ಪ್ರಯೋಗವನ್ನು ತೆಗೆದುಕೊಳ್ಳಬಹುದು. ಕೋವಿಡ್ ರೋಗದಿಂದ ಆಸ್ಪತ್ರೆ ಸೇರಿದವರಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಹೆಚ್ಚೆಂದರೆ 10 ದಿನ ಕೊಟ್ಟರೆ, 28 ದಿನಗಳೊಳಗಿನ ಸಾವು ಕಡಿಮೆಯಾಗುವುದೇ ಎಂಬುದು ಪ್ರಶ್ನೆ. ಮಂಡಿಸುವವರು ಮೊದಲ ಪುಟದಲ್ಲಿ ಈ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ತೀರ್ಮಾನವನ್ನು ಆಗಲೇ ಹೇಳಿದರೆ ಕೇಳುವವರ ಪರಿಶೀಲನೆಗೆ ಅವಕಾಶವಿಲ್ಲದಂತಾಗುತ್ತದೆ.

ಎರಡನೆಯ ಹೆಜ್ಜೆ, ರೋಗಿಗಳ ಜಮಾಖರ್ಚು. ಇಲ್ಲಿ ಔಷಧದ ಗುಂಪಿನಲ್ಲಿ 2104, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ 4321 ಮಂದಿ ಇದ್ದರು. ಫಲಿತಾಂಶದ ಕೋಷ್ಟಕದಲ್ಲಿ ಔಷಧದ ಗುಂಪನ್ನು ವೆಂಟಿಲೇಟರ್ ಮೇಲಿದ್ದವರು 324, ಕೇವಲ ಆಮ್ಲಜನಕ ಪಡೆಯುತ್ತಿದ್ದವರು 1279, ಎರಡೂ ಇಲ್ಲದವರು 501 ಎಂದು ವಿಂಗಡಿಸಲಾಗಿದೆ. ಕೂಡಿದರೆ 2104. ಲೆಕ್ಕ ತಾಳೆಯಾಯಿತು. ಕೋಷ್ಟಕದ ಮೊತ್ತ ಆರಂಭದ ಸಂಖ್ಯೆಗಿಂತ ಕಡಿಮೆಯಾಗಿದ್ದಲ್ಲಿ, ಕಾಣೆಯಾದವರು ಯಾರು, ಅವರನ್ನು ಏಕೆ ಕೈಬಿಡಲಾಯಿತು ಎಂದು ಕೇಳಲೇಬೇಕು. ಗುಣವಾಗದವರನ್ನೇ ಹೊರಗಿಟ್ಟರೆ ಯಾವ ಔಷಧವಾದರೂ ಉತ್ತಮವೆಂದು ತೋರುವುದು.

ಮೂರನೆಯದು ಹಂಚಿಕೆ. ಮುಂದಿನ ರೋಗಿ ಯಾವ ಗುಂಪಿಗೆ ಹೋಗುವನೆಂದು ವೈದ್ಯರಿಗೆ ಮೊದಲೇ ತಿಳಿದರೆ, ಸುಸ್ಥಿತಿಯಲ್ಲಿರುವವರನ್ನು ತಮಗೆ ಮೆಚ್ಚಿಕೆಯಾದ ಗುಂಪಿಗೆ ಸೇರಿಸುವ ಸಂಭವವಿದೆ. ರಿಕವರಿಯಲ್ಲಿ ಗಣಕಯಂತ್ರದ ಮೂಲಕ ಹಂಚಿಕೆ ನಡೆದು, ಅದುವರೆಗೆ ಅದು ಗೋಪ್ಯವಾಗಿದ್ದಿತು. ಹಂಚಿಕೆಯಾದ ಬಳಿಕ ಮಾತ್ರ ಯಾವ ಔಷಧವೆಂಬುದು ಎಲ್ಲರಿಗೂ ತಿಳಿದಿತ್ತು. ಇದು ಕೊರತೆಯೇ ಸರಿ. ಆದರೆ ಅಳೆದದ್ದು ನೋವನ್ನಲ್ಲ, ಸಾವನ್ನು. ಅಭಿಪ್ರಾಯದಿಂದ ಸಾವಿನ ಎಣಿಕೆ ಬದಲಾಗದು. ಹೀಗೆ ಪ್ರತಿ ಕೊರತೆಯೂ ಫಲಿತಾಂಶವನ್ನು ಯಾವ ದಿಕ್ಕಿಗೆ ವಾಲಿಸಬಲ್ಲದು ಎಂದು ಹೇಳಬೇಕು. ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿಯೂ ಶೇಕಡಾ 8ರಷ್ಟು ಮಂದಿಗೆ ಅದೇ ಔಷಧ ದೊರೆತಿತ್ತು. ಇದು ಗುಂಪುಗಳ ನಡುವಣ ವ್ಯತ್ಯಾಸವನ್ನು ತಗ್ಗಿಸುವುದೇ ಹೊರತು ಹಿಗ್ಗಿಸುವುದಿಲ್ಲ.

ನಾಲ್ಕನೆಯದು ಫಲಿತಾಂಶ. ಒಟ್ಟಾರೆ ಸಾವು ಔಷಧದ ಗುಂಪಿನಲ್ಲಿ ಶೇಕಡಾ 22.9, ಇನ್ನೊಂದರಲ್ಲಿ 25.7. ಇಲ್ಲಿಗೇ ನಿಲ್ಲಿಸಿದರೆ ಮುಖ್ಯ ಸಂಗತಿ ಮರೆಯಾಗುವುದು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು 41.4ರಿಂದ 29.3ಕ್ಕೆ ಇಳಿಯಿತು, ಅಂದರೆ ಸುಮಾರು 8 ಮಂದಿಗೆ ಔಷಧ ಕೊಟ್ಟರೆ ಒಂದು ಜೀವ ಉಳಿದಂತೆ. ಆಮ್ಲಜನಕ ಪಡೆಯುತ್ತಿದ್ದವರಲ್ಲಿ 26.2ರಿಂದ 23.3ಕ್ಕೆ ಇಳಿಯಿತು. ಆಮ್ಲಜನಕವೂ ಬೇಕಿಲ್ಲದವರಲ್ಲಿ ಮಾತ್ರ ಸಾವು 14.0ರ ಬದಲು 17.8 ಆಗಿದ್ದಿತು. ಈ ಕೊನೆಯ ಅಂಕಿಯಿಂದ ಹಾನಿ ಸಿದ್ಧವಾಯಿತು ಎನ್ನಲಾಗದು. ಸಾವಿನ ದರದ ಅನುಪಾತ 1.19 ಆದರೂ, ಅದರ ವಿಶ್ವಾಸದ ವ್ಯಾಪ್ತಿ 0.92ರಿಂದ 1.55ರವರೆಗೆ ಹರಡಿದೆ, ವ್ಯತ್ಯಾಸವೇ ಇಲ್ಲವೆಂಬ 1 ಎಂಬ ಅಂಕಿಯೂ ಅದರೊಳಗಿದೆ. ಆದರೆ ಪ್ರಯೋಜನವಾಯಿತೆಂಬುದಕ್ಕಂತೂ ಆಧಾರವಿಲ್ಲ. ಉಪಗುಂಪುಗಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದುಂಟು: ಈ ವಿಂಗಡಣೆ ಮೊದಲೇ ನಿಶ್ಚಯವಾಗಿತ್ತೇ, ಅಥವಾ ಫಲಿತಾಂಶ ಕಂಡ ಮೇಲೆ ಹುಡುಕಿದ್ದೇ? ಇಲ್ಲಿ ಮೊದಲೇ ನಿಶ್ಚಯವಾಗಿತ್ತು.

ಪಟ್ಟಿಯ ಮಿತಿಯನ್ನೂ ಅರಿತಿರಬೇಕು. ಕನ್ಸಾರ್ಟ್ ಅಳೆಯುವುದು ವರದಿಯ ಪೂರ್ಣತೆಯನ್ನು, ಪ್ರಯೋಗದ ಸಾಚಾತನವನ್ನಲ್ಲ. ‘30ಕ್ಕೆ 26 ಅಂಕ’ ಎಂದು ಮುಗಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಬರೆಯದೆ ಬಿಟ್ಟದ್ದು ಮಾಡದೆ ಬಿಟ್ಟದ್ದಾಗಿರಬೇಕಿಲ್ಲ. ಆದುದರಿಂದ ನೋಂದಣಿ ದಾಖಲೆಯನ್ನೂ ಮೂಲ ಯೋಜನೆಯನ್ನೂ ತೆರೆದು, ಮುಖ್ಯ ಫಲಿತಾಂಶ ನಡುವೆ ಬದಲಾಗಿದೆಯೇ ಎಂದು ಹೋಲಿಸಬೇಕು.

ಮಂಡನೆಯ ಕೊನೆಯ ಪುಟದಲ್ಲಿ ಯಾವ ರೋಗಿಗೆ, ಯಾವಾಗ, ಎಷ್ಟು ಎಂಬ ಮೂರು ಸಾಲುಗಳಿದ್ದರೆ ಸಾಕು. 2021ರ ಎರಡನೆಯ ಅಲೆಯಲ್ಲಿ ನಮ್ಮ ನಗರಗಳ ಅನೇಕ ಮನೆಗಳಲ್ಲಿ, ಆಮ್ಲಜನಕದ ಅಗತ್ಯವೇ ಇಲ್ಲದವರೂ ಜ್ವರ ಬಂದೊಡನೆ ಈ ಮಾತ್ರೆಯನ್ನು ನುಂಗಿದರು. ‘ಸಾವು ಕಡಿಮೆಯಾಯಿತು’ ಎಂಬ ಮೊದಲ ಸಾಲು ಎಲ್ಲರಿಗೂ ತಲುಪಿತ್ತು. ಕೋಷ್ಟಕದ ಮೂರನೆಯ ಸಾಲು ತಲುಪಿರಲಿಲ್ಲ.